ಮೊದಲ ಉತ್ತರದಲ್ಲೇ ಎರಡು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಲು ಬಂದಿರುವುದು ಏಳೆಂಟು ಸಾಲಿನ ಒಂದು ಪತ್ರದ ಬಗ್ಗೆ. ನೀವು ಕೆಲಸ ಹುಡುಕುತ್ತಿಲ್ಲ. ಇರುವ ಕೆಲಸದಲ್ಲಿ ದೊಡ್ಡ ತಕರಾರೂ ಇಲ್ಲ. ಒಂದು ದಿನ ಪರಿಚಯವೇ ಇಲ್ಲದ ರಿಕ್ರೂಟರ್ ಒಬ್ಬರು ಬರೆಯುತ್ತಾರೆ: ನಿಮ್ಮ ಪ್ರೊಫೈಲ್ ನೋಡಿದೆ, ಒಳ್ಳೆಯ ಅವಕಾಶ ಇದೆ, ಆಸಕ್ತಿ ಇದ್ದರೆ ತಿಳಿಸಿ. ಅದಕ್ಕೆ ನೀವು ಬರೆಯುವ ಮೊದಲ ಉತ್ತರ ಹೇಗಿರಬೇಕು ಎಂಬುದಷ್ಟೇ ನನ್ನ ವಿಷಯ.

ನಾನು ಕೆಲವು ವರ್ಷ ರಿಕ್ರೂಟರ್ ಆಗಿ ಇಂಥ ಪತ್ರಗಳನ್ನು ಕಳಿಸಿದವಳು. ಆಮೇಲೆ ಬೇರೆ ಕೆಲಸಕ್ಕೆ ಬಂದು, ಇಂಥ ಪತ್ರಗಳನ್ನು ಪಡೆದವಳು. ಕಳಿಸುತ್ತಿದ್ದ ದಿನಗಳಲ್ಲಿ ನನಗೆ ಬರುತ್ತಿದ್ದ ಉತ್ತರಗಳಲ್ಲಿ ಮುಖ್ಯವಾಗಿ ಎರಡು ಬಗೆ ಇದ್ದವು. ಕೆಲವರು "ಖಂಡಿತ ಆಸಕ್ತಿ ಇದೆ" ಎಂದು ಬರೆದು ರೆಸ್ಯೂಮೆ, ಈಗಿನ ಸಂಬಳ, ನೋಟಿಸ್ ಅವಧಿ ಎಲ್ಲವನ್ನೂ ಒಂದೇ ಉಸಿರಿಗೆ ಕಳಿಸಿಬಿಡುತ್ತಿದ್ದರು. ಇನ್ನು ಕೆಲವರು "ಎಷ್ಟು ಕೊಡುತ್ತಾರೆ?" ಎಂಬ ಒಂದೇ ಸಾಲು ಬರೆಯುತ್ತಿದ್ದರು. ಮೊದಲನೆಯವರು ತಮ್ಮ ಕೈಯಲ್ಲಿದ್ದುದನ್ನೆಲ್ಲ ಕೊಟ್ಟು, ಬದಲಿಗೆ ಏನನ್ನೂ ತಿಳಿದುಕೊಳ್ಳುತ್ತಿರಲಿಲ್ಲ. ಎರಡನೆಯವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಿ ಕೊಡಲು ನನಗೆ ಅವರು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ದಿನಕ್ಕೆ ಹತ್ತಾರು ಜನರಿಗೆ ಬರೆಯುವ ರಿಕ್ರೂಟರ್ ಯಾರಿಗೆ ಮೊದಲು ಉತ್ತರಿಸುತ್ತಾರೆ? ಕೆಲಸಕ್ಕೆ ಹೊಂದುತ್ತಾರೆ, ಮಾತು ಮುಂದುವರಿಸುತ್ತಾರೆ ಎಂದು ತೋರಿದವರಿಗೆ.

ಆದ್ದರಿಂದ ಮೊದಲ ಪತ್ರ ಎರಡೂ ಕೆಲಸ ಮಾಡಬೇಕು. ನಿಮ್ಮ ಆಸಕ್ತಿ ನಿಜವೆಂದು ತೋರಿಸಬೇಕು, ಮುಂದಕ್ಕೆ ಹೋಗಲು ಏನು ತಿಳಿಯಬೇಕು ಎಂಬುದನ್ನೂ ಕೇಳಬೇಕು.

ಉತ್ತರ ಬರೆಯುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಬರೆದವರು ಆ ಕಂಪನಿಯ ಸ್ವಂತ ರಿಕ್ರೂಟರೋ, ಹೊರಗಿನ ಏಜೆನ್ಸಿಯವರೋ? ಕಂಪನಿಯ ಒಳಗಿನವರಾದರೆ ಅವರಿಗೆ ತಿಂಗಳ ಸಂಬಳ ಬರುತ್ತದೆ. ಹುದ್ದೆಗೆ ಮಂಜೂರಾದ ಸಂಬಳದ ಶ್ರೇಣಿ ಎಷ್ಟು, ಯಾವ ಮ್ಯಾನೇಜರ್ ಕೆಳಗೆ ಎಂಬುದು ಸಾಮಾನ್ಯವಾಗಿ ಅವರ ಕಣ್ಣ ಮುಂದೆಯೇ ಇರುತ್ತದೆ. ಏಜೆನ್ಸಿಯವರ ಲೆಕ್ಕ ಬೇರೆ. ಹೆಚ್ಚಿನ ಏಜೆನ್ಸಿಗಳಿಗೆ ಹಣ ಸಿಗುವುದು ಅವರು ಕಳಿಸಿದ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ, ಅದೂ ಆ ಅಭ್ಯರ್ಥಿಯ ಮೊದಲ ವರ್ಷದ ಸಂಬಳದ ಇಷ್ಟು ಪಾಲು ಎಂದು. ಒಂದೇ ಹುದ್ದೆಗೆ ಮೂರು ನಾಲ್ಕು ಏಜೆನ್ಸಿಗಳು ಓಡುತ್ತಿರಬಹುದು. ಕಂಪನಿಯ ಹೆಸರನ್ನು ಮೊದಲ ಪತ್ರದಲ್ಲಿ ಅವರು ಮುಚ್ಚಿಡುವುದು ಇದಕ್ಕೇ. ಹೆಸರು ತಿಳಿದರೆ ನೀವೇ ನೇರವಾಗಿ ಅರ್ಜಿ ಹಾಕಬಹುದು ಎಂಬ ಅಂಜಿಕೆ ಅವರದು. ಅದರಲ್ಲಿ ಮೋಸವಿಲ್ಲ.

ಆದರೆ ಇದರಿಂದ ನಿಮಗೊಂದು ಅಪಾಯವಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ರೆಸ್ಯೂಮೆ ಒಂದು ಏಜೆನ್ಸಿಯಿಂದ ಕಂಪನಿಗೆ ಹೋಯಿತು ಎಂದುಕೊಳ್ಳಿ. ವಾರದ ನಂತರ ಇನ್ನೊಂದು ಏಜೆನ್ಸಿ ಅದೇ ಕಂಪನಿಗೆ ಅದೇ ರೆಸ್ಯೂಮೆ ಕಳಿಸಿತು. ಈಗ ಶುಲ್ಕ ಯಾರಿಗೆ ಕೊಡಬೇಕು ಎಂಬ ಜಗಳ ಹುಟ್ಟುತ್ತದೆ. ಆ ಜಗಳವೇ ಬೇಡವೆಂದು ಅಭ್ಯರ್ಥಿಯನ್ನೇ ಬದಿಗಿಡುವ ಕಂಪನಿಗಳಿವೆ. ನೀವು ಮಾಡಿದ ತಪ್ಪು ಒಂದೇ, ಕಂಪನಿ ಯಾವುದೆಂದು ಕೇಳದೆ ರೆಸ್ಯೂಮೆ ಕೊಟ್ಟದ್ದು. ಹಾಗಾಗಿ ಮೊದಲ ಉತ್ತರಕ್ಕೆ ರೆಸ್ಯೂಮೆ ಲಗತ್ತಿಸಬೇಡಿ. ನಿಮ್ಮ ಪ್ರೊಫೈಲ್ ನೋಡಿಯೇ ಅವರು ಬರೆದಿರುವುದರಿಂದ ಆ ಹಂತಕ್ಕೆ ಅವರಿಗೆ ಬೇಕಾದುದು ಆಗಲೇ ಅವರ ಬಳಿ ಇದೆ.

ಈಗ ಒಂದು ಉದಾಹರಣೆ ತೆಗೆದುಕೊಂಡು ಕೊನೆಯವರೆಗೂ ನೋಡೋಣ. ಡೇಟಾ ಎಂಜಿನಿಯರ್ ಒಬ್ಬರಿದ್ದಾರೆ, ಏಳು ವರ್ಷದ ಅನುಭವ. ಅವರಿಗೆ ಬಂದ ಪತ್ರ ಇದು:

"ನಮಸ್ಕಾರ, ನಿಮ್ಮ ಪ್ರೊಫೈಲ್ ನೋಡಿ ಬರೆಯುತ್ತಿದ್ದೇನೆ. ನಮ್ಮ ಕ್ಲೈಂಟ್ ಕಂಪನಿಯಲ್ಲಿ ಸೀನಿಯರ್ ಡೇಟಾ ಎಂಜಿನಿಯರ್ ಹುದ್ದೆ ಖಾಲಿ ಇದೆ. ಸ್ಟ್ರೀಮಿಂಗ್ ಪೈಪ್‌ಲೈನ್‌ಗಳ ಕೆಲಸ. ವೇಗವಾಗಿ ಬೆಳೆಯುತ್ತಿರುವ ಕಂಪನಿ, ಸಂಬಳ ಮಾರುಕಟ್ಟೆಗೆ ತಕ್ಕಂತೆ. ಆಸಕ್ತಿ ಇದ್ದರೆ ರೆಸ್ಯೂಮೆ, ಈಗಿನ ಸಂಬಳ, ನಿರೀಕ್ಷಿಸುವ ಸಂಬಳ ಕಳಿಸಿ."

ಇದಕ್ಕೆ ನಾನು ಬರೆಯಿರಿ ಎನ್ನುವ ಉತ್ತರ ಹೀಗಿದೆ. ಕನ್ನಡದಲ್ಲಿ ಓದುತ್ತೇನೆ, ನೀವು ಯಾವ ಭಾಷೆಯಲ್ಲಿ ವ್ಯವಹರಿಸುತ್ತೀರೋ ಅದರಲ್ಲಿ ಬರೆದುಕೊಳ್ಳಿ.

"ನಮಸ್ಕಾರ, ಬರೆದಿದ್ದಕ್ಕೆ ಧನ್ಯವಾದ. ಸ್ಟ್ರೀಮಿಂಗ್ ಪೈಪ್‌ಲೈನ್ ಕೆಲಸ ಎಂದಿದ್ದೀರಿ. ಕಳೆದ ಮೂರು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ, ಹಾಗಾಗಿ ಈ ಹುದ್ದೆಯ ಬಗ್ಗೆ ತಿಳಿಯಲು ಆಸಕ್ತಿ ಇದೆ. ಈಗಿನ ಕೆಲಸ ಬಿಡುವ ಆತುರವಿಲ್ಲ, ಹೊಂದಿಕೆಯಾದರೆ ಖಂಡಿತ ಯೋಚಿಸುತ್ತೇನೆ. ಫೋನಿನಲ್ಲಿ ಮಾತಾಡುವ ಮೊದಲು ಎರಡು ವಿಷಯ ತಿಳಿಸುತ್ತೀರಾ? ಈ ಹುದ್ದೆಗೆ ನಿಗದಿಯಾದ ಸಂಬಳದ ಶ್ರೇಣಿ ಎಷ್ಟು, ಅದರಲ್ಲಿ ಮೂಲ ಸಂಬಳ ಎಷ್ಟು? ಕಂಪನಿ ಯಾವುದು, ಟೀಮಿನಲ್ಲಿ ಎಷ್ಟು ಜನ, ಇದು ಹೊಸ ಹುದ್ದೆಯೋ, ಬಿಟ್ಟು ಹೋದವರ ಜಾಗವೋ? ಉತ್ತರ ನೋಡಿಕೊಂಡು ಬುಧವಾರ ಅಥವಾ ಗುರುವಾರ ಸಂಜೆ 15 ನಿಮಿಷ ಮಾತಾಡಬಹುದು. ಅಲ್ಲಿಯವರೆಗೆ ನನ್ನ ವಿವರವನ್ನು ಎಲ್ಲಿಗೂ ಕಳಿಸಬೇಡಿ, ದಯವಿಟ್ಟು."

ಇಷ್ಟೇ. ಇದರಲ್ಲಿ ಆಸಕ್ತಿ ಎಲ್ಲಿ ಕಾಣುತ್ತದೆ ಎಂದು ಗಮನಿಸಿ. "ಆಸಕ್ತಿ ಇದೆ" ಎಂಬ ಮಾತಿಗಿಂತ, ಅವರ ಪತ್ರದ ಒಂದು ಪದವನ್ನು ಹಿಡಿದು ಅದನ್ನು ನಿಮ್ಮ ಕೆಲಸಕ್ಕೆ ಜೋಡಿಸಿದ ಸಾಲಿನಲ್ಲಿ ಅದು ಕಾಣುತ್ತದೆ. ರಿಕ್ರೂಟರ್ ಆ ಸಾಲನ್ನು ಹಾಗೇ ಎತ್ತಿ ಹೈರಿಂಗ್ ಮ್ಯಾನೇಜರ್‌ಗೆ ಕಳಿಸಬಹುದು. ನಾನೇ ಹಾಗೆ ಎಷ್ಟೋ ಸಲ ಮಾಡಿದ್ದೇನೆ: "ಇವರು ಮೂರು ವರ್ಷ ಇದನ್ನೇ ಮಾಡಿದ್ದಾರೆ, ಶ್ರೇಣಿ ಕೇಳುತ್ತಿದ್ದಾರೆ, ಹೇಳಲೇ?" ಎಂದು. ಆ ಸಾಲಿಲ್ಲದಿದ್ದರೆ ನಾನು ಮ್ಯಾನೇಜರ್ ಬಳಿ ಹೋಗಿ ನಿಮ್ಮ ಪರವಾಗಿ ಕೇಳಲು ಏನೂ ಇರುವುದಿಲ್ಲ.

ಕೊನೆಯಲ್ಲಿ ದಿನ, ಹೊತ್ತು ಹೇಳಿರುವುದಕ್ಕೂ ಕಾರಣವಿದೆ. ಬರೀ ಪ್ರಶ್ನೆಯಲ್ಲಿ ಪತ್ರ ಮುಗಿದರೆ ಅದು ಷರತ್ತಿನ ಹಾಗೆ ಕೇಳಿಸುತ್ತದೆ. ಮುಂದಿನ ಹೆಜ್ಜೆಯನ್ನು ನೀವೇ ಸೂಚಿಸಿದರೆ, ಪ್ರಶ್ನೆಗಳು ಆ ಹೆಜ್ಜೆಗೆ ಬೇಕಾದ ಸಿದ್ಧತೆಯಂತೆ ಕಾಣುತ್ತವೆ. ಇನ್ನೊಂದು ಸಣ್ಣ ಮಾತು, ಈ ಉತ್ತರವನ್ನು ನಿಮ್ಮ ಸ್ವಂತ ಇಮೇಲಿನಿಂದ, ಸ್ವಂತ ಫೋನಿನಿಂದ ಬರೆಯಿರಿ. ಆಫೀಸಿನ ಖಾತೆಯಲ್ಲಿ ಬರೆದದ್ದು ಆಫೀಸಿನವರ ಕೈಗೆ ಸಿಗುತ್ತದೆ.

ಸಂಬಳದ ಪ್ರಶ್ನೆಗೆ ಬರೋಣ, ಹೆಚ್ಚು ಜನ ಎಡವುವುದು ಅಲ್ಲೇ. ಅವರು ನಿಮ್ಮ ಈಗಿನ ಸಂಬಳ ಕೇಳಿದ್ದಾರೆ, ನೀವು ಹುದ್ದೆಯ ಶ್ರೇಣಿ ಕೇಳಿದ್ದೀರಿ. ಎರಡೂ ಬೇರೆ ಬೇರೆ ಸಂಗತಿ. ಶ್ರೇಣಿ ಎನ್ನುವುದು ಆ ಹುದ್ದೆಗೆ, ಆ ಹಂತಕ್ಕೆ ಕಂಪನಿ ಇಟ್ಟುಕೊಂಡ ಕನಿಷ್ಠ ಮತ್ತು ಗರಿಷ್ಠ. ನೀವು ಇವತ್ತು ಎಷ್ಟು ಪಡೆಯುತ್ತೀರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನಿಮ್ಮ ಅಂಕಿ ಮೊದಲು ಅವರ ಕೈಗೆ ಹೋದರೆ ಸಂಬಂಧ ಹುಟ್ಟುತ್ತದೆ. ಆಫರ್ ಬರೆಯುವಾಗ "ಈಗಿರುವುದಕ್ಕಿಂತ ಇಷ್ಟು ಜಾಸ್ತಿ" ಎಂಬ ಲೆಕ್ಕ ಶುರುವಾಗುತ್ತದೆ. ಈ ಕಾರಣಕ್ಕೇ ಕೆಲವು ಕಡೆ ಕಾನೂನೇ ಬಂದಿದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ ಕೆಲಸದ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಹಾಕಲೇಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನದ ಪ್ರಕಾರ ಅಭ್ಯರ್ಥಿಗೆ ಆರಂಭದ ಸಂಬಳವನ್ನೋ ಶ್ರೇಣಿಯನ್ನೋ ತಿಳಿಯುವ ಹಕ್ಕಿದೆ, ಹಿಂದಿನ ಸಂಬಳವನ್ನು ಕೇಳುವಂತಿಲ್ಲ. ಅದನ್ನು ತಮ್ಮ ಕಾನೂನಿಗೆ ತರಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಇಂಥ ಕಾನೂನು ಇಲ್ಲದ ಕಡೆಯೂ ಶ್ರೇಣಿ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅವರು ಹೇಳಬೇಕೆಂಬ ಕಟ್ಟುಪಾಡು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಎಂಜಿನಿಯರ್‌ಗೆ ಮರುದಿನ ಉತ್ತರ ಬಂತು. ಟೀಮಿನ ಬಗ್ಗೆ ಒಂದಿಷ್ಟು ಬರೆದಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ. ಸಂಬಳದ ಬಗ್ಗೆ ಬರೆದದ್ದು ಇಷ್ಟು: "ಕ್ಲೈಂಟ್ ಒಳ್ಳೆಯ ಅಭ್ಯರ್ಥಿಗೆ ಹಣದ ವಿಷಯದಲ್ಲಿ ಹಿಂದೆಮುಂದೆ ನೋಡುವುದಿಲ್ಲ. ನಿಮ್ಮ ನಿರೀಕ್ಷೆ ಹೇಳಿ, ನೋಡೋಣ." ಇಲ್ಲಿ ಬಹಳ ಜನ ಸೋತು ಅಂಕಿ ಹೇಳಿಬಿಡುತ್ತಾರೆ. ಒಂದು ಸಲ ಮರಳಿ ಕೇಳಿ, ಮೆತ್ತಗೆ: "ನನ್ನ ನಿರೀಕ್ಷೆ ಹುದ್ದೆಯ ಹಂತ ಮತ್ತು ಜವಾಬ್ದಾರಿಯ ಮೇಲೆ ನಿಂತಿದೆ, ಅದನ್ನು ಈಗಲೇ ಹೇಳುವುದು ಕಷ್ಟ. ಕ್ಲೈಂಟ್ ನಿಮಗೆ ಹೇಳಿರುವ ಶ್ರೇಣಿ ತಿಳಿಸಿದರೆ, ಅದರೊಳಗೆ ನನಗೆ ಹೊಂದುತ್ತದೋ ಇಲ್ಲವೋ ಎಂದು ಇವತ್ತೇ ಖಚಿತವಾಗಿ ಹೇಳುತ್ತೇನೆ." ಈ ಕೊನೆಯ ಮಾತು ರಿಕ್ರೂಟರ್‌ಗೆ ಬೆಲೆಬಾಳುವಂಥದು. ಅವರಿಗೂ ಬೇಕಾಗಿರುವುದು ಹೌದು ಅಥವಾ ಇಲ್ಲ ಎಂಬ ಬೇಗನೆಯ ಉತ್ತರ. ನಾಲ್ಕು ಸುತ್ತು ಇಂಟರ್‌ವ್ಯೂ ಆದ ಮೇಲೆ ಸಂಬಳದಲ್ಲಿ ಮುರಿದುಬಿದ್ದರೆ ಅವರ ದುಡಿಮೆಯೂ ಹೋಯಿತು.

ಮರಳಿ ಕೇಳಿದರೂ ಹೇಳದಿದ್ದರೆ? ಆಗ ಎರಡು ಸಾಧ್ಯತೆ. ಏಜೆನ್ಸಿಗೆ ಕ್ಲೈಂಟ್ ಶ್ರೇಣಿಯನ್ನೇ ಕೊಟ್ಟಿಲ್ಲ, ಅಥವಾ ಕೊಟ್ಟರೂ ಹೇಳಬೇಡಿ ಎಂದಿದೆ. ಆ ಸ್ಥಿತಿಯಲ್ಲಿ, ಹುದ್ದೆ ನಿಜಕ್ಕೂ ಇಷ್ಟವಾಗಿದ್ದರೆ, ಒಂದು ಅಂಕಿ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಈಗಿನ ಸಂಬಳ ಆಗಿರಬಾರದು, "ಇದಕ್ಕಿಂತ ಕಡಿಮೆಗೆ ನಾನು ಜಾಗ ಬದಲಿಸುವುದಿಲ್ಲ" ಎಂಬ ಮೂಲ ಸಂಬಳದ ಅಂಕಿ ಆಗಿರಬೇಕು. ಅದನ್ನು ಒಂದೇ ಅಂಕಿಯಾಗಿ ಹೇಳಿ. "ಇಷ್ಟರಿಂದ ಇಷ್ಟರವರೆಗೆ" ಎಂದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಕೆಳಗಿನ ತುದಿ. ಮೂರನೆಯ ಸಲ ಶ್ರೇಣಿ ಕೇಳಬೇಡಿ, ಅಲ್ಲಿಗೆ ಅದು ಹಟವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಎರಡನೆಯ ಸಲಕ್ಕೆ ಶ್ರೇಣಿ ಬಂತು. ಯಾವುದೇ ದೇಶದ ಹಣಕ್ಕೂ ಹೊಂದುವಂತೆ, ಎಂಜಿನಿಯರ್ ಈಗ ಪಡೆಯುವ ಒಟ್ಟು ಸಂಬಳವನ್ನು 100 ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಪ್ರತಿ ತಿಂಗಳು ಖಚಿತವಾಗಿ ಬರುವ ಮೂಲ ಸಂಬಳ 95, ವರ್ಷದ ಫಲಿತಾಂಶ ನೋಡಿ ಕೊಡುವ ವೇರಿಯಬಲ್ ಬರೀ 5. ರಿಕ್ರೂಟರ್ ಹೇಳಿದ್ದು: "ಒಟ್ಟು 110ರಿಂದ 150." ಕೇಳಿದೊಡನೆ ಕಣ್ಣು 150ರ ಮೇಲೆ ಹೋಗುತ್ತದೆ, ಸಹಜ. ಆದರೆ ಇದನ್ನು ಬಿಡಿಸಿ ನೋಡಬೇಕು.

ಒಂದನೆಯದು, ಇದು ಒಟ್ಟು. ಮೂಲ ಸಂಬಳ ಎಷ್ಟೆಂದು ನೀವು ಕೇಳಿದ್ದಿರಿ, ಅವರು ಒಟ್ಟು ಹೇಳಿದ್ದಾರೆ. ಮತ್ತೆ ಕೇಳಿದಾಗ, ವೇರಿಯಬಲ್ ಮೂಲ ಸಂಬಳದ 20 ಶೇಕಡಾ ಎಂದು ತಿಳಿಯಿತು. ಹಾಗಾದರೆ 150ರಲ್ಲಿ ಮೂಲ ಸಂಬಳ 125, ವೇರಿಯಬಲ್ 25. ಕೆಳಗಿನ ತುದಿಯ 110ರಲ್ಲಿ ಮೂಲ ಸಂಬಳ ಸುಮಾರು 92 ಮಾತ್ರ. ಅಂದರೆ ಕೆಳಗಿನ ತುದಿಯಲ್ಲಿ ಸೇರಿದರೆ ಪ್ರತಿ ತಿಂಗಳು ಖಚಿತವಾಗಿ ಕೈಗೆ ಬರುವುದು ಈಗಿನದಕ್ಕಿಂತ ಕಡಿಮೆ. ಮೇಲಿನ ಹತ್ತು ಏರಿಕೆ ಕಂಪನಿಯ ವರ್ಷ ಹೇಗಿರುತ್ತದೆ ಎಂಬುದರ ಮೇಲೆ ನಿಂತಿದೆ. ಕಳೆದ ವರ್ಷ ವೇರಿಯಬಲ್ ಎಷ್ಟು ಪಾಲು ನಿಜವಾಗಿ ಕೊಟ್ಟರು ಎಂಬ ಪ್ರಶ್ನೆಯನ್ನು ಫೋನಿನಲ್ಲಿ ಕೇಳಲು ಬರೆದಿಟ್ಟುಕೊಳ್ಳಿ.

ಎರಡನೆಯದು, ಶ್ರೇಣಿಯ ಮೇಲಿನ ತುದಿ ಸಾಮಾನ್ಯವಾಗಿ ಹೊಸಬರಿಗಲ್ಲ. ಅದೇ ಹಂತದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಏರಲು ಜಾಗ ಬೇಕಲ್ಲ, ಅದಕ್ಕೆ ಇಟ್ಟದ್ದು. ಹೊರಗಿನಿಂದ ಬರುವವರನ್ನು ಅನೇಕ ಕಂಪನಿಗಳು ಶ್ರೇಣಿಯ ನಡುವಿನ ಆಸುಪಾಸಿನೊಳಗೆ ಸೇರಿಸಿಕೊಳ್ಳಲು ನೋಡುತ್ತವೆ. ಇಲ್ಲಿ ನಡುವೆ ಎಂದರೆ 130. ಆದ್ದರಿಂದ ನಮ್ಮ ಎಂಜಿನಿಯರ್ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಅಂಕಿ 130ರ ಸುತ್ತಮುತ್ತ, 150 ಅಲ್ಲ. 130 ಎಂದರೆ ಮೂಲ ಸಂಬಳ 108ರಷ್ಟು. ಈಗಿನ 95ಕ್ಕೆ ಹೋಲಿಸಿದರೆ ಅದು ಮಾತಾಡಲು ಯೋಗ್ಯವಾದ ಏರಿಕೆ. "ಹೊಸದಾಗಿ ಸೇರುವವರಿಗೆ ಈ ಶ್ರೇಣಿಯಲ್ಲಿ ಎಲ್ಲಿಯವರೆಗೆ ಕೊಡುತ್ತಾರೆ?" ಎಂದು ನೇರವಾಗಿಯೇ ಕೇಳಬಹುದು. ಅನುಭವವಿರುವ ರಿಕ್ರೂಟರ್‌ಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ.

ಶ್ರೇಣಿ ತೀರಾ ಅಗಲವಿದ್ದರೆ, ಉದಾಹರಣೆಗೆ 80ರಿಂದ 200, ಅಲ್ಲಿ ಎರಡು ಅಥವಾ ಮೂರು ಹಂತಗಳನ್ನು ಒಂದೇ ಜಾಹೀರಾತಿನಲ್ಲಿ ಸೇರಿಸಿರುವ ಸಾಧ್ಯತೆಯೇ ಹೆಚ್ಚು. ಆಗ ಸಂಬಳ ಕೇಳುವುದಕ್ಕಿಂತ ನನ್ನನ್ನು ಯಾವ ಹಂತಕ್ಕೆ ಪರಿಗಣಿಸುತ್ತಿದ್ದೀರಿ ಎಂದು ಕೇಳಿ. ಹಂತ ಗೊತ್ತಾದರೆ ಶ್ರೇಣಿ ತಾನಾಗಿ ಕಿರಿದಾಗುತ್ತದೆ.

ಈಗ ಟೀಮಿನ ಪ್ರಶ್ನೆ. ಸಂಬಳದ ಜೊತೆಗೆ ಇದನ್ನೂ ಕೇಳಿದರೆ ಹಣವೊಂದೇ ನಿಮ್ಮ ಚಿಂತೆ ಅನ್ನಿಸುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಕಾರಣ ಅಷ್ಟು ಮುಖ್ಯವಲ್ಲ. ರಿಕ್ರೂಟರ್ ನಿಜಕ್ಕೂ ಹೈರಿಂಗ್ ಮ್ಯಾನೇಜರ್ ಜೊತೆ ಮಾತಾಡಿದ್ದಾರೆಯೇ, ಹುದ್ದೆ ನಿಜಕ್ಕೂ ತೆರೆದಿದೆಯೇ ಎಂಬುದನ್ನು ಈ ಪ್ರಶ್ನೆ ತೋರಿಸಿಕೊಡುತ್ತದೆ. ಕೆಲವು ಏಜೆನ್ಸಿಗಳು ಮುಂದೆಂದೋ ಬರಬಹುದಾದ ಹುದ್ದೆಗಾಗಿ ಈಗಲೇ ರೆಸ್ಯೂಮೆ ಕೂಡಿಹಾಕುತ್ತವೆ. ಅಂಥವರ ಬಳಿ ಟೀಮಿನ ಬಗ್ಗೆ ಹೇಳಲು ಏನೂ ಇರುವುದಿಲ್ಲ.

ಆದರೆ ಪ್ರಶ್ನೆ ಒಂದೇ ಸಾಲಿನಲ್ಲಿ ಉತ್ತರಿಸುವಂತಿರಬೇಕು. "ಟೀಮಿನ ವಾತಾವರಣ ಹೇಗಿದೆ?" ಎಂದು ಕೇಳಿದರೆ "ತುಂಬಾ ಚೆನ್ನಾಗಿದೆ" ಎಂದೇ ಬರುತ್ತದೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ. ಎಷ್ಟು ಜನ, ಹೊಸ ಹುದ್ದೆಯೋ ತೆರವಾದ ಜಾಗವೋ, ಯಾರಿಗೆ ವರದಿ ಮಾಡಬೇಕು: ಇವುಗಳಿಗೆ ಉತ್ತರ ಒಂದೋ ಗೊತ್ತಿರುತ್ತದೆ, ಇಲ್ಲವೋ ಇಲ್ಲ. ಮೊದಲ ಪತ್ರದಲ್ಲಿ ಇವುಗಳಲ್ಲಿ ಎರಡು ಸಾಕು. ಹತ್ತು ಪ್ರಶ್ನೆಗಳ ಪಟ್ಟಿ ಬಂದಾಗ ನಾನು ಅದನ್ನು ಸಂಜೆಗೆ ಎಂದು ಬದಿಗಿಟ್ಟು, ಸಂಜೆ ಮರೆತದ್ದುಂಟು. ಹಾಗೆ ಮರೆತದ್ದು ಇವತ್ತಿಗೂ ನನಗೆ ಬೇಸರ ತರುತ್ತದೆ, ಆ ಕಡೆ ಇದ್ದವರು ಕಾಯುತ್ತಿದ್ದಿರಬೇಕು.

ನಮ್ಮ ಎಂಜಿನಿಯರ್‌ಗೆ ಬಂದ ಉತ್ತರ: ಆರು ಜನರ ಟೀಮ್, ತೆರವಾದ ಜಾಗ, ಐದು ತಿಂಗಳಿಂದ ಹುಡುಕುತ್ತಿದ್ದಾರೆ. ಐದು ತಿಂಗಳು ಎಂಬುದು ಕೇಳದೆಯೇ ಬಂದ ಮಾಹಿತಿ, ಬಹಳ ಉಪಯೋಗದ್ದು. ಹೊಸ ಹುದ್ದೆಯಾದರೆ ಕೆಲಸದ ಗಡಿ ಇನ್ನೂ ಸ್ಪಷ್ಟವಾಗಿರದೆ ಇರಬಹುದು. ತೆರವಾದ ಜಾಗವಾದರೆ ಹಿಂದಿನವರು ಯಾಕೆ ಹೋದರು ಎಂಬುದು ಮುಂದಿನ ಪ್ರಶ್ನೆ. ಐದು ತಿಂಗಳು ತುಂಬದೆ ಉಳಿದಿದೆ ಎಂದರೆ, ಆರು ಜನರ ಕೆಲಸವನ್ನು ಐದು ಜನ ಅಷ್ಟು ಕಾಲದಿಂದ ಎಳೆಯುತ್ತಿದ್ದಾರೆ. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬೇಡ ಅನ್ನುತ್ತಿರಬಹುದು, ಇಲ್ಲವೇ ಅಭ್ಯರ್ಥಿಗಳು ಆಫರ್ ಒಪ್ಪದೆ ಹೋಗುತ್ತಿರಬಹುದು. ಎರಡನೆಯದಾದರೆ ಸಂಬಳದಲ್ಲಿ ನಿಮ್ಮ ಮಾತಿಗೆ ಜಾಗವಿದೆ. ಯಾವುದೆಂದು ಹದಿನೈದು ನಿಮಿಷದ ಫೋನಿನಲ್ಲಿ ಕೇಳಿ: "ಇದುವರೆಗೆ ಆಫರ್ ಹಂತದವರೆಗೆ ಯಾರಾದರೂ ಬಂದಿದ್ದರಾ?" ಎಂದು. ಹಿಂದಿನವರು ಯಾಕೆ ಬಿಟ್ಟರು ಎಂಬುದನ್ನು ಮಾತ್ರ ರಿಕ್ರೂಟರ್ ಬಳಿ ಕೇಳುವುದಕ್ಕಿಂತ ಮ್ಯಾನೇಜರ್ ಬಳಿಯೇ ಕೇಳಿ, ರಿಕ್ರೂಟರ್‌ಗೆ ಅದು ಹಲವು ಕೈ ದಾಟಿ ಬಂದ ಕಥೆಯಷ್ಟೇ.

ಹಣ ಕೇಳುವವರು, ಗುರುತಿನ ಚೀಟಿಯ ಪ್ರತಿ ಕೇಳುವವರು, ಕಂಪನಿಯ ಹೆಸರಿನಲ್ಲಿ ಬರೆದರೂ ಕಂಪನಿಯದಲ್ಲದ ಇಮೇಲ್ ವಿಳಾಸ ಬಳಸುವವರು ಇದ್ದರೆ, ಅವರಿಗೆ ಉತ್ತರವನ್ನೇ ಬರೆಯಬೇಡಿ. ಅದು ಬೇರೆಯೇ ವಿಷಯ, ಇವತ್ತು ಅದಕ್ಕೆ ಸಮಯವಿಲ್ಲ.

ಇನ್ನು ಉತ್ತರವೇ ಬರದಿದ್ದರೆ ಐದು ಕೆಲಸದ ದಿನ ಕಾದು ಒಂದೇ ಸಾಲು ಬರೆಯಿರಿ: "ಶ್ರೇಣಿ ಮತ್ತು ಟೀಮಿನ ವಿವರ ಸಿಕ್ಕಿತೇ?" ಅದಕ್ಕೂ ಬರದಿದ್ದರೆ ಬಿಟ್ಟುಬಿಡಿ. ಶ್ರೇಣಿ ಕೇಳಿದ್ದರಿಂದಲೇ ಅವಕಾಶ ತಪ್ಪಿತೇನೋ ಎಂದು ಕೊರಗುವವರನ್ನು ನೋಡಿದ್ದೇನೆ. ಮರ್ಯಾದೆಯಿಂದ ಶ್ರೇಣಿ ಕೇಳಿದವರನ್ನು ಅದೊಂದೇ ಕಾರಣಕ್ಕೆ ನಾನು ಯಾವತ್ತೂ ಪಟ್ಟಿಯಿಂದ ತೆಗೆದಿರಲಿಲ್ಲ. ಹೇಳಿದ ಮೇಲೆ ಅವರಿಗೆ ಹೊಂದದೆ ಹೋದದ್ದು ಬೇಕಾದಷ್ಟು ಸಲ ಆಗಿದೆ.

ಹಾಗೆ ಹೊಂದದಿದ್ದಾಗ ಸುಮ್ಮನಾಗಬೇಡಿ. ಶ್ರೇಣಿ 85ರಿಂದ 105 ಎಂದು ಬಂದಿದ್ದರೆ ನಮ್ಮ ಎಂಜಿನಿಯರ್ ಹೀಗೆ ಬರೆಯಬಹುದಿತ್ತು: "ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಈ ಶ್ರೇಣಿಯಲ್ಲಿ ನಾನು ಬದಲಾಗುವುದು ಕಷ್ಟ. ಸ್ಟ್ರೀಮಿಂಗ್ ಕೆಲಸ, ಮೂಲ ಸಂಬಳ 110ಕ್ಕೆ ಮೇಲೆ, ಹತ್ತು ಜನಕ್ಕಿಂತ ಕಡಿಮೆ ಇರುವ ಟೀಮ್ ಬಂದರೆ ದಯವಿಟ್ಟು ಬರೆಯಿರಿ." ಇಂಥ ಪತ್ರಗಳನ್ನು ನಾನು ಬೇರೆ ಫೋಲ್ಡರ್‌ನಲ್ಲಿ ಇಡುತ್ತಿದ್ದೆ. ಹೊಸ ಹುದ್ದೆ ಬಂದ ದಿನ ಮೊದಲು ತೆರೆಯುತ್ತಿದ್ದುದು ಅದನ್ನೇ, ಮತ್ತು ಅವರಿಗೆ ಬರೆಯುವಾಗ ಶ್ರೇಣಿಯನ್ನು ಮೊದಲ ಸಾಲಿನಲ್ಲೇ ಹಾಕುತ್ತಿದ್ದೆ.